ಏರ್‌ಪೋರ್ಟ್ ಕೆಲಸಕ್ಕೆ 1,850 ರೂಪಾಯಿ ಕಟ್ಟುವ ಮೊದಲು

"ಮಗನಿಗೆ ವಾಟ್ಸಾಪಿನಲ್ಲಿ ಬೆಂಗಳೂರು ಏರ್‌ಪೋರ್ಟಿನ ಗ್ರೌಂಡ್ ಸ್ಟಾಫ್ ಕೆಲಸ ಬಂದಿದೆ. ಸೀಲ್ ಇರುವ ಆಫರ್ ಲೆಟರ್ ಕೂಡ ಕಳಿಸಿದ್ದಾರೆ. ರಿಜಿಸ್ಟ್ರೇಷನ್‌ಗೆ 1,850 ಕಟ್ಟಿದರೆ ಮೊದಲ ಸಂಬಳದಲ್ಲಿ ವಾಪಸ್ ಅಂತೆ. ಇವತ್ತೇ ಕಟ್ಟಬೇಕಂತೆ. ಕಟ್ಟಲಾ?"

ಅಣ್ಣಾ, ಕಟ್ಟಬೇಡಿ. ನಾನು ಸೇವಾ ಕೇಂದ್ರ ನಡೆಸುತ್ತೇನೆ, ಇಂಥದೇ ಚಾಟ್ ಹಿಡಿದುಕೊಂಡು ಬರುವವರು ಬೇಕಾದಷ್ಟಿದ್ದಾರೆ.

ನೀವು ಹಾಕಿರುವ ಸ್ಕ್ರೀನ್‌ಶಾಟ್ ನೋಡಿದೆ. ಸಂದರ್ಶನವೇ ಇಲ್ಲದೆ ಆಯ್ಕೆ ಆಗಿಬಿಟ್ಟಿದೆ. ಲೆಟರ್‌ನಲ್ಲಿ ದೊಡ್ಡ ಏರ್‌ಲೈನ್ಸ್ ಹೆಸರಿದೆ, ಆದರೆ ಇಮೇಲ್ ಮಾತ್ರ @gmail.com. ಸೀಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಫೋನಿನಲ್ಲೇ ಮಾಡಬಹುದು.

1,850 ಕಟ್ಟಿದರೆ ಅಲ್ಲಿಗೆ ಮುಗಿಯಲ್ಲ. ಆಮೇಲೆ ಯೂನಿಫಾರ್ಮ್‌ಗೆ, ಗೇಟ್ ಪಾಸ್‌ಗೆ, ಮೆಡಿಕಲ್‌ಗೆ ಅಂತ ಒಂದೊಂದಾಗಿ ಕೇಳುತ್ತಾರೆ. "ಇದನ್ನು ಕಟ್ಟದಿದ್ದರೆ ಹಿಂದಿನದೂ ಹೋಗುತ್ತೆ" ಅನ್ನುತ್ತಾರೆ. ಜನ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ, ಮೊದಲ ಕಂತಿನಲ್ಲಲ್ಲ. ಮೊದಲ ಮೊತ್ತ ಸಣ್ಣದಿರುವುದೇ ಅದಕ್ಕೆ. ಹೋದರೆ ಹೋಗಲಿ ಅಂತ ನಾವು ಕಟ್ಟಿಬಿಡುತ್ತೇವೆ, ಅಲ್ವಾ?

ಅವರು ಕೊಟ್ಟ ಯುಪಿಐ ಐಡಿ ಹಾಕಿದರೆ, ಪಿನ್ ಒತ್ತುವ ಮೊದಲೇ ಖಾತೆದಾರರ ಹೆಸರು ಕಾಣುತ್ತದೆ. ಅಲ್ಲಿ ಏರ್‌ಲೈನ್ಸ್ ಬದಲು ಯಾರೋ ವ್ಯಕ್ತಿಯ ಹೆಸರಿದ್ದರೆ ಮತ್ತೇನು ನೋಡುವುದು? ಹಾಗಂತ ಕಂಪನಿ ತರದ ಹೆಸರು ಬಂದರೂ ನಂಬಬೇಡಿ. ಬೇರೆಯವರ ಕರೆಂಟ್ ಖಾತೆಯನ್ನು ಬಾಡಿಗೆಗೆ ಪಡೆದು ಇದೇ ದಂಧೆ ಮಾಡುವವರಿದ್ದಾರೆ. ಏರ್‌ಲೈನ್ಸ್‌ನ ಸ್ವಂತ ವೆಬ್‌ಸೈಟಿಗೆ ಹೋಗಿ, ಉದ್ಯೋಗದ ಪುಟದಲ್ಲಿ ಈ ಹುದ್ದೆ ಇದೆಯಾ ನೋಡಿ. ಚಾಟ್‌ನಲ್ಲಿ ಕಳಿಸಿದ ಲಿಂಕ್ ಬೇಡ, ವಿಳಾಸ ನೀವೇ ಟೈಪ್ ಮಾಡಿ.

ಮೇಲಿನ ಕಾಮೆಂಟಿನಲ್ಲಿ ತುಮಕೂರಿನವರೊಬ್ಬರು "ಕೆಲಸಕ್ಕೆ ದುಡ್ಡು ಕೇಳಿದರೆ ಎಲ್ಲಾ ಮೋಸ" ಅಂದಿದ್ದಾರೆ. ಅದು ಅರ್ಧ ಸರಿ. ಕೇಂದ್ರ ಸರ್ಕಾರಿ ಕೆಲಸದ ಎಸ್‌ಎಸ್‌ಸಿ ಪರೀಕ್ಷೆಗೆ 100 ರೂಪಾಯಿ ಶುಲ್ಕವಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಅದೂ ಇಲ್ಲ. ಆದರೆ ಅದು ಅರ್ಜಿ ಹಾಕುವಾಗ, ಅವರದೇ ಪೋರ್ಟಲ್‌ನಲ್ಲಿ ಕಟ್ಟುವ ದುಡ್ಡು. ಆಯ್ಕೆಯಾದ ಮೇಲೆ ಯಾರದೋ ಫೋನ್‌ಪೇಗೆ ಹಾಕುವುದಲ್ಲ. ಊರಿನ ಪ್ಲೇಸ್‌ಮೆಂಟ್ ಏಜೆನ್ಸಿಯವರು ಕಮಿಷನ್ ಕೇಳುತ್ತಾರಲ್ಲ ಅಂತ ಇನ್ನೊಬ್ಬರು ಕೇಳಿದ್ದಾರೆ. ಅಂಥವರ ಬಗ್ಗೆ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ, ಆಫೀಸಿಗೆ ಹೋಗಿ ನೋಡಿಯೇ ತೀರ್ಮಾನಿಸಬೇಕು.

ಮಗ ಆಧಾರ್, ಪಾಸ್‌ಬುಕ್ ಫೋಟೋ ಆಗಲೇ ಕಳಿಸಿದ್ದಾನಾ? ಕಳಿಸಿದ್ದರೆ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಿ. "ಸಂಬಳದ ಖಾತೆಗೆ" ಅಂತ ಒಟಿಪಿ ಕೇಳಿದರೆ ಕೊಡಬೇಡಿ. ಅವನ ಖಾತೆಗೆ ಯಾರಾದರೂ ದುಡ್ಡು ಹಾಕಿ ಬೇರೆಯವರಿಗೆ ಕಳಿಸು ಅಂದರೂ ಕಳಿಸಬಾರದು. ಕಳಿಸಿದರೆ ಪೊಲೀಸರು ಮೊದಲು ಬರುವುದು ಅವನ ಹತ್ತಿರ.

ಗೊತ್ತಾಗದೆ ಕಟ್ಟಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲೂ ದೂರು ಹಾಕಿ. ಪೇಮೆಂಟ್ ರಸೀದಿಯಲ್ಲಿರುವ 12 ಅಂಕಿಯ ಯುಟಿಆರ್ ನಂಬರ್ ಕೇಳುತ್ತಾರೆ, ಕೈಯಲ್ಲಿ ಇಟ್ಟುಕೊಂಡಿರಿ. ಅವರು ದುಡ್ಡನ್ನು ತೆಗೆದುಕೊಂಡುಬಿಡುವ ಮೊದಲೇ ದೂರು ಕೊಟ್ಟರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.