ಎಂ.ಕಾಂ. ಸೀಟೋ, ಆಡಿಟರ್ ಆಫೀಸಿನ ಕೆಲಸವೋ?

"ಬಿ.ಕಾಂ. ಮುಗಿಯಿತು, ಶೇ. 68 ಬಂದಿದೆ. ಉಡುಪಿಯ ಒಂದು ಆಡಿಟರ್ ಆಫೀಸಿನಲ್ಲಿ ತಿಂಗಳಿಗೆ 14,000ಕ್ಕೆ ಕರೆದಿದ್ದಾರೆ. ಕೊಣಾಜೆಯಲ್ಲಿ ಎಂ.ಕಾಂ.ಗೂ ಅರ್ಜಿ ಹಾಕಿದ್ದೇನೆ. ಲೆಕ್ಚರರ್ ಆಗುವ ಆಸೆ, ಆಗದಿದ್ದರೆ ಬ್ಯಾಂಕಾದರೂ ಸರಿ. ಎರಡು ವರ್ಷ ಕೆಲಸ ಮಾಡಿ ಆಮೇಲೆ ಓದಲೇ?"
– ಓದುಗರೊಬ್ಬರು, ಬ್ರಹ್ಮಾವರ

ಲೆಕ್ಚರರ್ ಆಸೆ ಗಟ್ಟಿಯಾಗಿದ್ದರೆ ಸೀಟು ಸಿಕ್ಕಿದ ಕೂಡಲೇ ಸೇರಿಬಿಡಿ. ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಮತ್ತು ನೆಟ್ ಅಥವಾ ಕೆ-ಸೆಟ್ ಬೇಕು. ಮೀಸಲಾತಿ ಇರುವವರಿಗೆ ಶೇ. 50 ಸಾಕು. ಆಡಿಟರ್ ಆಫೀಸಿನಲ್ಲಿ ಹತ್ತು ವರ್ಷ ದುಡಿದರೂ ಈ ಬಾಗಿಲು ತೆರೆಯುವುದಿಲ್ಲ. ನೆಟ್‌ಗೆ 54.9 ಅನ್ನು 55 ಎಂದು ಹಿಡಿಯುವುದಿಲ್ಲ, ಆದ್ದರಿಂದ ಮೊದಲ ಸೆಮಿಸ್ಟರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂ.ಕಾಂ. ಕೊನೆಯ ವರ್ಷದಲ್ಲಿರುವಾಗಲೇ ನೆಟ್ ಬರೆಯಬಹುದು. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಬ್ರಹ್ಮಾವರದಿಂದ ಕೊಣಾಜೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಯೋಚನೆ ಮಾತ್ರ ಬೇಡ. ಒಂದೋ ಹಾಸ್ಟೆಲ್ ಹಿಡಿಯಿರಿ, ಇಲ್ಲವೇ ಉಡುಪಿಯಲ್ಲೇ ಎಂ.ಕಾಂ. ಇರುವ ಕಾಲೇಜು ನೋಡಿ.

ಬ್ಯಾಂಕಿನ ಲೆಕ್ಕವೇ ಬೇರೆ. ಐಬಿಪಿಎಸ್ ಪಿಒ ಪರೀಕ್ಷೆಗೆ ಯಾವುದೇ ಪದವಿ ಸಾಕು, ವಯಸ್ಸು 20ರಿಂದ 30. ಎಂ.ಕಾಂ. ಇದೆಯೆಂದು ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ, ಆಡಿಟ್ ಅನುಭವಕ್ಕೂ ಸಿಗುವುದಿಲ್ಲ. ಪ್ರಿಲಿಮ್ಸ್‌ನಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ ಬಿಡಿಸುವ ವೇಗ ಬೇಕು, ಅದು ದಿನಾ ಕೂತು ಮಾಡಿದರೆ ಮಾತ್ರ ಬರುತ್ತದೆ. ಆ ಹೊತ್ತು ಎಲ್ಲಿ ಉಳಿಯುತ್ತದೆ ಎಂಬುದಷ್ಟೇ ನೋಡಬೇಕಾದದ್ದು. ಆಡಿಟರ್ ಆಫೀಸಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಂತೂ ಸಂಜೆಗಳು ನಿಮ್ಮವಾಗಿರುವುದಿಲ್ಲ.

ಹಾಗಾದರೆ ಆ ಕೆಲಸ ಯಾರಿಗೆ? ಮುಂದೆ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಮೇಲೇರಬೇಕು ಎನ್ನುವವರಿಗೆ. ಅಂಥವರಿಗೆ ಎಂ.ಕಾಂ.ಗಿಂತ ಎರಡು ವರ್ಷದ ಕೆಲಸವೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. 14,000ದಂತೆ 24 ತಿಂಗಳಿಗೆ 3,36,000 ಕೈಸೇರುತ್ತದೆ ಎಂಬ ಕಾರಣಕ್ಕಲ್ಲ. ಕೆಲಸ ಕೈಗೆ ಹತ್ತುತ್ತದೆ ಎಂಬ ಕಾರಣಕ್ಕೆ. ಆದರೆ ಎಲ್ಲ ಎರಡು ವರ್ಷವೂ ಎರಡು ವರ್ಷವಲ್ಲ. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ 2ಬಿ ಬರುತ್ತದೆ, 20ಕ್ಕೆ 3ಬಿ. ಈ ಚಕ್ರದಲ್ಲಿ ನಿಮ್ಮ ಜಾಗ ಎಲ್ಲಿ ಎಂದು ನೋಡಿಕೊಳ್ಳಿ. ಗಿರಾಕಿಯ ಪುಸ್ತಕದಲ್ಲಿ ಖರೀದಿ ಬಿಲ್ಲು ಇದೆ, 2ಬಿಯಲ್ಲಿ ಕಾಣುತ್ತಿಲ್ಲ ಎಂದಿಟ್ಟುಕೊಳ್ಳಿ. ಮಾರಿದವನು ರಿಟರ್ನ್ ಹಾಕಿಲ್ಲವೋ, ಜಿಎಸ್‌ಟಿ ನಂಬರು ತಪ್ಪಾಗಿ ಹಾಕಿದ್ದಾನೋ? ಅದನ್ನು ಹುಡುಕಿ, ಅವನಿಗೆ ಫೋನ್ ಮಾಡಿ, ಆ ತಿಂಗಳು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳಬಾರದು ಎಂದು ಗಿರಾಕಿಗೆ ತಿಳಿಸುವವರು ನೀವಾಗಿದ್ದರೆ ಕಲಿಯುತ್ತಿದ್ದೀರಿ ಎಂದರ್ಥ. ಎಂಟು ತಿಂಗಳಾದರೂ ಟ್ಯಾಲಿಯಲ್ಲಿ ವೋಚರ್ ಹೊಡೆಯುವುದೇ ಕೆಲಸವಾಗಿದ್ದರೆ ಮುಂದಿನ ಇಂಟರ್‌ವ್ಯೂನಲ್ಲಿ ಹೇಳಲು ಏನೂ ಇರುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಆಡಿಟರ್ ಆಫೀಸಿನಲ್ಲಿ ಸಂಬಳಕ್ಕೆ ಕೂತರೆ ಅದು ಸಿಎ ಆರ್ಟಿಕಲ್‌ಶಿಪ್ ಆಗುವುದಿಲ್ಲ. ಬಿ.ಕಾಂ.ನಲ್ಲಿ ಶೇ. 55 ದಾಟಿದವರು ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೇಟ್‌ಗೆ ನೋಂದಾಯಿಸಬಹುದು. ಹೊಸ ನಿಯಮದಲ್ಲಿ ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಎರಡು ವರ್ಷದ ಆರ್ಟಿಕಲ್‌ಶಿಪ್. ಆ ಕಡೆ ಮನಸ್ಸಿದ್ದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ.

ಕೆಲಸಕ್ಕೇ ಸೇರುವುದಾದರೆ ನೇಮಕಾತಿ ಪತ್ರ ಕೇಳಿ, ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಕೈಯಲ್ಲಿ ನಗದು ಕೊಡುವ ಕಡೆ ಎರಡು ವರ್ಷ ದುಡಿದರೂ ನಾಳೆ ತೋರಿಸಲು ಕಾಗದವಿರುವುದಿಲ್ಲ. ಬಿಡುವಾಗ ರಿಲೀವಿಂಗ್ ಲೆಟರ್ ಕೊಡುತ್ತಾರೆಯೇ ಎಂದು ಸೇರುವ ಮೊದಲೇ ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಎರಡನ್ನೂ ಒಟ್ಟಿಗೆ ಮಾಡುವ ದಾರಿಯೂ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂ.ಗೆ ನೋಂದಾಯಿಸಿ ಕೆಲಸ ಮಾಡುತ್ತಲೇ ಓದಬಹುದು. ಯುಜಿಸಿ ಮಾನ್ಯತೆಯಿರುವ ದೂರಶಿಕ್ಷಣದ ಪದವಿಗೆ ರೆಗ್ಯುಲರ್ ಪದವಿಯಷ್ಟೇ ಬೆಲೆ, ನೆಟ್‌ಗೂ ಆಗುತ್ತದೆ. ಇಲ್ಲಿ ಎಡವುವುದು ರಜೆಯ ವಿಷಯದಲ್ಲಿ. ಪರೀಕ್ಷೆ 20ನೇ ತಾರೀಕಿನ ಆಸುಪಾಸು ಬಿದ್ದರೆ ಆಫೀಸಿನಲ್ಲಿ ಬಿಡುವುದಿಲ್ಲ, ಒಂದು ಪೇಪರ್ ಬಾಕಿಯಾದರೆ ಎರಡು ವರ್ಷ ಮೂರಾಗುತ್ತದೆ. 14,000ಕ್ಕೆ ಒಪ್ಪುವ ದಿನವೇ ಪರೀಕ್ಷೆಯ ರಜೆಯ ಮಾತನ್ನೂ ಆಡಿ ಮುಗಿಸಿ.

– ಸಂ.