ಎರಡೂ ಹಾಕಿಬಿಡಿ ಎಂದವರಿಗೆ

"ಒಂದೇ ಖರ್ಚಲ್ಲಿ ಎರಡು ಮಗು ಆಗೋಗ್ಲಿ ಬುಡಿ, ಮೇಡಮ್ಮೋರೆ." ಮಕ್ಕಳಾಗದ ದಂಪತಿಗಳಿಗೆ ಆಪ್ತಸಲಹೆ ಕೊಡುವ ಮೈಸೂರಿನ ನನ್ನ ಕೋಣೆಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಹೇಳಿದ್ದು ಮಂಡ್ಯ ಕಡೆಯ ಒಬ್ಬ ಅತ್ತೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಸೊಸೆಗೆ 29 ವರ್ಷ, ಮದುವೆಯಾಗಿ ಏಳು ವರ್ಷ, ಇದು ಮೊದಲ ಐವಿಎಫ್, ಅಂದರೆ ಅಂಡಾಣುವನ್ನು ಲ್ಯಾಬಿನಲ್ಲಿ ಫಲಿತಗೊಳಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ. ಹನ್ನೊಂದು ಅಂಡಾಣು ತೆಗೆದಿದ್ದರು, ಏಳು ಫಲಿತವಾಗಿದ್ದವು. ಮೂರನೇ ದಿನ ಲ್ಯಾಬಿನಿಂದ ಫೋನು ಬಂತು: ಆರು ಭ್ರೂಣ ಚೆನ್ನಾಗಿವೆ, ಐದನೇ ದಿನದವರೆಗೆ ಬೆಳೆಸೋಣವೆ? ಗಂಡ ಹೆದರಿದ. ಇರುವ ಆರನ್ನೂ ಕಳೆದುಕೊಂಡರೆ ಎಂಬ ಅಳುಕು.

ಆ ಅಳುಕು ಸುಳ್ಳಲ್ಲ. ಮೂರನೇ ದಿನದವರೆಗೆ ಭ್ರೂಣ ಬದುಕುವುದು ಹೆಚ್ಚಾಗಿ ತಾಯಿಯ ಅಂಡಾಣು ಕಟ್ಟಿಕೊಟ್ಟ ಬುತ್ತಿಯಲ್ಲಿ. ಆರರಿಂದ ಎಂಟು ಕೋಶಗಳಾಗುವ ಹೊತ್ತಿಗೆ ಅದರದ್ದೇ ವಂಶವಾಹಿಗಳು ಕೆಲಸ ಹಿಡಿಯಬೇಕು. ಅಲ್ಲಿ ಹಲವು ನಿಂತುಹೋಗುತ್ತವೆ. ಫಲಿತವಾದವುಗಳಲ್ಲಿ ಸುಮಾರು ಅರ್ಧ ಮಾತ್ರ ಬ್ಲಾಸ್ಟೊಸಿಸ್ಟ್, ಅಂದರೆ ಐದನೇ ದಿನದ ಉಬ್ಬಿದ ಭ್ರೂಣ, ಆಗುತ್ತವೆ. ಎರಡೋ ಮೂರೋ ಭ್ರೂಣ ಮಾತ್ರ ಇದ್ದರೆ ಮೂರನೇ ದಿನವೇ ಹಾಕುವುದನ್ನು ಡಾಕ್ಟರು ಯೋಚಿಸುತ್ತಾರೆ, ನಾನೂ ಅಡ್ಡ ಬರುವುದಿಲ್ಲ. ಆದರೆ ಆರೂ ಒಂದೇ ತರ ಕಾಣುವಾಗ ಯಾವುದಕ್ಕೆ ಮುಂದೆ ಬೆಳೆಯುವ ಶಕ್ತಿ ಇದೆ ಎಂದು ತಿಳಿಯುವುದು ಕಾದರೇ. ಅವರು ಕಾದರು. ಮೂರು ಉಳಿದವು: 4AA, 4BB, 3BC.

ಐದನೇ ದಿನ ಬೆಳಿಗ್ಗೆ ಗಂಡ ಆ ಚೀಟಿಯನ್ನು ಮಾರ್ಕ್ಸ್ ಕಾರ್ಡ್ ತರ ಹಿಡಿದುಕೊಂಡು ಕೂತಿದ್ದ. "ಕೊನೇದು ಫೇಲಾ?" ಎಂದ. ಚೀಟಿಯ ಬೆನ್ನಿಗೆ ಒಂದು ಉಂಗುರ ಬರೆದೆ, ಒಳಗೆ ಒಂದು ಮೂಲೆಯಲ್ಲಿ ಚುಕ್ಕೆಗಳ ಗುಂಪು. ಅಂಕಿ ಹೇಳುವುದು ಭ್ರೂಣ ಎಷ್ಟು ಉಬ್ಬಿದೆ ಎಂದು. ಮೊದಲ ಅಕ್ಷರ ಒಳಗಿನ ಗುಂಪಿಗೆ, ಅದು ಮಗುವಾಗುವ ಭಾಗ. ಎರಡನೆಯದು ಹೊರಗಿನ ಪದರಕ್ಕೆ, ಅದು ಮುಂದೆ ಮಾಸು ಆಗುತ್ತದೆ. ಇದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಂಡ ರೂಪ ಅಷ್ಟೆ. AA ಒಳಗೂ ಕ್ರೋಮೋಸೋಮಿನ ದೋಷ ಇರಬಹುದು, BC ಕೂಡ ಆರೋಗ್ಯವಂತ ಮಗುವಾಗಬಹುದು. ಯಾವುದನ್ನು ಮೊದಲು ಹಾಕಬೇಕು ಎಂಬ ಸರದಿಗೆ ಗ್ರೇಡು.

ಡಾಕ್ಟರು ಒಂದೇ ಸಾಕು ಎಂದಿದ್ದರು. ಅತ್ತೆ ಎರಡು ಎಂದರು. ಗಂಡ ನೆಲ ನೋಡಿದ. ನಾನು ಇಬ್ಬರನ್ನೂ ಹೊರಗೆ ಕೂರಲು ಕೇಳಿಕೊಂಡೆ.

ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಟ್ಟೆಯ ಮೇಲೆ ಸೂಜಿ ಚುಚ್ಚಿ ನೀಲಿಗಟ್ಟಿದ ಜಾಗವನ್ನು ಸೆರಗಿನ ಮೇಲಿಂದಲೇ ಒತ್ತಿಕೊಂಡಳು. "ಎರಡಾಗೋದ್ರೆ ಇನ್ನೊಂದ್ಸಲ ಈ ಸೂಜಿಗಳ ಸಾವಾಸ ಇರಕ್ಕಿಲ್ಲ ಅಲ್ವಾ ಮೇಡಂ?"

ಅವಳಿಗೆ ಬೇಕಿದ್ದದ್ದು ಅವಳಿ ಮಕ್ಕಳಲ್ಲ. ಈ ಚಿಕಿತ್ಸೆಗೆ ಮತ್ತೆ ಬಾರದಿರುವುದು. ಅಲ್ಲಿಯವರೆಗೆ ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ: ಉಳಿದವನ್ನು ಫ್ರೀಜ್ ಮಾಡಿಟ್ಟರೆ ಮುಂದಿನ ಸಲಕ್ಕೆ ಅಂಡಾಣು ಬೆಳೆಸುವ ಇಂಜೆಕ್ಷನ್ ಇಲ್ಲ, ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದೂ ಇಲ್ಲ. ಗರ್ಭಕೋಶದ ಒಳಪದರ ದಪ್ಪವಾಗಲು ಸುಮಾರು ಎರಡು ವಾರ ಮಾತ್ರೆ, ಆಮೇಲೆ ಪ್ರೊಜೆಸ್ಟರಾನ್ ಹಾರ್ಮೋನು, ಆಮೇಲೆ ಕರಗಿಸಿ ಹಾಕುವುದು. ಅವಳ ಮುಖದ ಬಿಗಿ ಸಡಿಲವಾಯಿತು.

ಆಮೇಲೆ ಅವಳಿಯ ಮಾತು ಎತ್ತಿದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತಾಯಿಗೆ ಬಿಪಿ ಏರುವ ಅಪಾಯವೂ ಹೆಚ್ಚು. ಒಂದೇ ಹಾಕಿದರೂ ಅದು ಒಡೆದು ಅವಳಿಯಾಗುವುದುಂಟು, ನೂರಕ್ಕೆ ಒಂದೆರಡು. ಅದನ್ನೂ ಮುಚ್ಚಿಡಲಿಲ್ಲ. ಚಿಕ್ಕ ವಯಸ್ಸು, ಒಳ್ಳೆಯ ಭ್ರೂಣ ಇರುವವರಿಗೆ ಒಂದಾದ ಮೇಲೊಂದು ಹಾಕಿದರೂ ಕೊನೆಗೆ ಮಗು ಕೈಗೆ ಬರುವ ಸಾಧ್ಯತೆ ಎರಡನ್ನು ಒಟ್ಟಿಗೆ ಹಾಕಿದಷ್ಟೇ ಹತ್ತಿರ ಹತ್ತಿರ ಇರುತ್ತದೆ, ಅವಳಿಯ ಅಪಾಯ ಮಾತ್ರ ಬಹಳ ಇಳಿಯುತ್ತದೆ. ನಲವತ್ತರ ಹೆಣ್ಣುಮಗಳಿಗೆ, ಹಲವು ಸಲ ಸೋತವರಿಗೆ ಈ ಮಾತನ್ನು ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ.

ಆಪ್ತಸಲಹೆಗಾರರು ಯಾರ ಪಕ್ಷವನ್ನೂ ಹಿಡಿಯಬಾರದು ಎನ್ನುತ್ತಾರೆ. ಕೆಲವು ವರ್ಷದ ಹಿಂದೆ ಎರಡು ಬೇಕೆಂದ ಒಬ್ಬರ ವಿಷಯದಲ್ಲಿ ನಾನೂ ಹಾಗೇ, "ದಂಪತಿಯ ಇಚ್ಛೆ" ಎಂದು ಬರೆದು ಸುಮ್ಮನಾಗಿದ್ದೆ. ಆ ಅವಳಿಗಳು 30 ವಾರಕ್ಕೆ ಹುಟ್ಟಿದವು. ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಗಾಜಿನಾಚೆ ನಿಂತಿದ್ದ ಆ ತಾಯಿ, "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಳು. ಅದಕ್ಕೇ ಈಗ ಹೇಳುತ್ತೇನೆ, ಒತ್ತಿ ಹೇಳುತ್ತೇನೆ. ಸಹಿ ಮಾಡುವುದು ಅವರೇ.

ಈಕೆ ಒಂದಕ್ಕೇ ಸಹಿ ಹಾಕಿದಳು. 4AA ನಿಲ್ಲಲಿಲ್ಲ.

ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನ ಅತ್ತೆ ನನಗೆ ಫೋನ್ ಮಾಡಿ ಬೈದರು. ನಾನು ಕೇಳಿಸಿಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ, ಆದರೆ ಸಲಹೆ ತಪ್ಪು ಎಂದು ಅನ್ನಿಸಲಿಲ್ಲ. ಅವರು ಕಳೆದುಕೊಂಡಿದ್ದು ಒಂದು ಸರದಿಯನ್ನು, 4BB ಇನ್ನೂ ಲ್ಯಾಬಿನಲ್ಲಿತ್ತು. ಎರಡು ತಿಂಗಳ ನಂತರ ಅದನ್ನು ಕರಗಿಸಿ ಹಾಕಿದರು. ಆರನೇ ವಾರದ ಸ್ಕ್ಯಾನಿನಲ್ಲಿ ಒಂದು ಚೀಲ, ಒಂದು ಮಿಡಿತ.

ಈಗ ಏಳನೇ ತಿಂಗಳು. ಹೋದ ವಾರ ಮತ್ತೆ ಅತ್ತೆಯದೇ ಫೋನು. "ಆ ಮೂರನೇದು ಐತಲ್ಲ ಮೇಡಮ್ಮೋರೆ, ಅದನ್ನ ಮಡಗಿರೋಕೆ ವರ್ಸದ ದುಡ್ಡು ಯಾವತ್ತು ಕಟ್ಬೇಕು?"