ಸಿಮೆಂಟ್ ಸೆಟ್ ಆಗುವುದು ಮತ್ತು ಜಿಪ್ಸಂ

ಪ್ರಶ್ನೆ: ನೀರು ಬೆರೆಸಿದ ಸಿಮೆಂಟ್ ಸ್ವಲ್ಪ ಹೊತ್ತು ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದೇಕೆ? ಅದರಲ್ಲಿ ಜಿಪ್ಸಂ ಏಕಿರುತ್ತದೆ?

ಉತ್ತರ: ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ; ನೀರು ಅದರ ಖನಿಜಗಳೊಡನೆ ಸೇರಿ ಹೊಸ ಸಂಯುಕ್ತಗಳಾಗುತ್ತದೆ. ನೀರಿನಲ್ಲಿ ಮುಳುಗಿಸಿಟ್ಟ ಪರೀಕ್ಷೆಯ ಕಾಂಕ್ರೀಟ್ ಕ್ಯೂಬ್ ಬಲ ಪಡೆಯುವುದು ಇದರಿಂದಲೇ.

ಎಲ್ಲಕ್ಕಿಂತ ಆತುರದ ಖನಿಜ C₃A, ಅಂದರೆ ಟ್ರೈಕ್ಯಾಲ್ಸಿಯಂ ಅಲ್ಯೂಮಿನೇಟ್. ತಡೆಯದಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಬಹಳ ಶಾಖ ಹೊರಸೂಸುತ್ತ ಪೇಸ್ಟನ್ನು ಬಿಗಿಗೊಳಿಸುತ್ತದೆ. ಇದೇ ಫ್ಲ್ಯಾಶ್ ಸೆಟ್. ಕುಲುಮೆಯಲ್ಲಿ ಸುಟ್ಟು ಪಡೆದ ಗಟ್ಟಿ ಉಂಡೆಗಳಾದ ಕ್ಲಿಂಕರನ್ನು ಸಿಮೆಂಟ್ ಪುಡಿಯಾಗಿ ಅರೆಯುವಾಗ ಬೆರೆಸುವ ಜಿಪ್ಸಂ ಕರಗಿ ಸಲ್ಫೇಟ್ ಒದಗಿಸುವುದರಿಂದ ಎಟ್ರಿಂಗೈಟ್ ಎಂಬ ಸೂಜಿಯಾಕಾರದ ಹರಳುಗಳು ಮೂಡಿ, C₃Aಯ ವೇಗ ತಗ್ಗುತ್ತದೆ.

ಬಲ ಕೊಡುವ ಮುಖ್ಯ ಖನಿಜ C₃S, ಅಂದರೆ ಟ್ರೈಕ್ಯಾಲ್ಸಿಯಂ ಸಿಲಿಕೇಟ್. ಮೊದಲ ಒಂದೆರಡು ಗಂಟೆ ಅದು ಬಹಳ ನಿಧಾನವಾಗಿ ಕರಗುತ್ತದೆ. ಕಾಂಕ್ರೀಟ್ ಸಾಗಿಸಿ ಸುರಿಯಲು ನಮಗೆ ಸಿಗುವ ಬಿಡುವು ಇದೇ. ಅನಂತರ C-S-H ಎಂಬ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಜೆಲ್ ವೇಗವಾಗಿ ಬೆಳೆದು, ಕಣದಿಂದ ಕಣಕ್ಕೆ ಸೇತುವೆ ಕಟ್ಟಿದಾಗ ಪೇಸ್ಟ್ ಸೆಟ್ ಆಗುತ್ತದೆ:

2C₃S + 6H → C₃S₂H₃ + 3CH

ಇಲ್ಲಿ C ಎಂದರೆ CaO, S ಎಂದರೆ SiO₂, H ಎಂದರೆ ನೀರು, C₃S₂H₃ ಎಂದರೆ ಆ ಜೆಲ್, CH ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೆಲ್‌ನ ಸಂಯೋಜನೆ ಸ್ಥಿರವಲ್ಲವಾದ್ದರಿಂದ ಈ ಸಮೀಕರಣ ಅಂದಾಜಿನದು.

ಅರೆಯುವ ಗಿರಣಿ ಅತಿಯಾಗಿ ಬಿಸಿಯಾದರೆ ಜಿಪ್ಸಂ ನೀರು ಕಳೆದುಕೊಂಡು ಪ್ಲಾಸ್ಟರ್ ಆಗುತ್ತದೆ; ಅದು ನೀರು ಸೋಕಿದೊಡನೆ ಮತ್ತೆ ಜಿಪ್ಸಂ ಆಗಿ ಹರಳುಗಟ್ಟಿ ಪೇಸ್ಟನ್ನು ಬೇಗ ಬಿಗಿಗೊಳಿಸುತ್ತದೆ. ಹೆಚ್ಚು ಶಾಖವಿಲ್ಲದೆ ಬಿಗಿದ ಪೇಸ್ಟ್, ನೀರು ಸೇರಿಸದೆ ಮತ್ತೆ ಕಲಸಿದಾಗ ಮೆತ್ತಗಾದರೆ ಅದು ಈ ಫಾಲ್ಸ್ ಸೆಟ್. ಫ್ಲ್ಯಾಶ್ ಸೆಟ್ ಆದದ್ದು ಹಾಗೆ ಮೆತ್ತಗಾಗುವುದಿಲ್ಲ.